ಸ್ಪೇಸ್ ಬದಲಿಸಿದಾಗ ಕೈ ಯಾಕೆ ಎಗರುತ್ತದೆ, ಸೈಕಲ್ ಯಾಕೆ ಬರುತ್ತದೆ

ಪ್ರಶ್ನೆ: ಮಾಯಾ ಅನ್ನೋ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಒಬ್ಬ ಸೈನಿಕನ ರಿಗ್ ಮಾಡ್ತಿದ್ದೀನಿ. ಎಡಗೈ ರೈಫಲ್ ಹಿಡಿದಿರಬೇಕು, ರೀಲೋಡ್ ಮಾಡುವಾಗ ಸೊಂಟದ ಚೀಲಕ್ಕೆ ಹೋಗಿ ಬರಬೇಕು, ಕೊನೆಗೆ ಗೋಡೆ ಮೇಲೆ ಊರಿ ನಿಲ್ಲಬೇಕು. ಕೈ ಯಾವುದನ್ನು ಹಿಂಬಾಲಿಸಬೇಕು ಅಂತ ಆರಿಸೋಕೆ ಕಂಟ್ರೋಲ್ ಮೇಲೆ ಸ್ಪೇಸ್ ಅಂತ ಒಂದು ಅಟ್ರಿಬ್ಯೂಟ್ ಇಟ್ಟಿದ್ದೀನಿ. ಅದನ್ನು ಬದಲಿಸಿದ ಕೂಡಲೇ ಕೈ ಬೇರೆಲ್ಲೋ ಎಗರುತ್ತೆ. ಬಲಗೈಯನ್ನೂ ರೈಫಲ್‌ಗೆ ಕಟ್ಟೋಣ ಅಂದ್ರೆ ಸೈಕಲ್ ಅಂತ ಎಚ್ಚರಿಕೆ ಬರುತ್ತೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸೈಕಲ್ ರಿಗ್ಗಿನ ಕಟ್ಟೋಣದ್ದು, ಎಗರುವುದು ಕೀ ಹಾಕುವ ಹೊತ್ತಿನದ್ದು. ಕಟ್ಟೋಣ ಸರಿಯಿಲ್ಲದೆ ಎರಡನೆಯದನ್ನು ಎಷ್ಟು ತಿದ್ದಿದರೂ ನಿಲ್ಲುವುದಿಲ್ಲ, ಹಾಗಾಗಿ ಸೈಕಲ್‌ನಿಂದಲೇ ಶುರು ಮಾಡೋಣ.

ನಿಮ್ಮ ರಿಗ್ಗಿನಲ್ಲಿ ರೈಫಲ್ ಬಲಗೈಯನ್ನು ಹಿಂಬಾಲಿಸುತ್ತಿದೆ. ಈಗ ಬಲಗೈಗೂ ರೈಫಲ್ ಅನ್ನು ಹಿಂಬಾಲಿಸುವ ಆಯ್ಕೆ ಕೊಟ್ಟಿರಿ. ಎರಡನ್ನೂ ಒಟ್ಟಿಗೆ ಆನ್ ಮಾಡುವುದಿಲ್ಲ, ಒಂದರ ತೂಕ 1 ಇದ್ದಾಗ ಇನ್ನೊಂದರದ್ದು 0 ಇರುತ್ತದೆ, ಮತ್ತೆ ತೊಂದರೆ ಏನು ಎಂದು ಅನ್ನಿಸಬಹುದು. ಆದರೆ ಮಾಯಾ ನೋಡುವುದು ತೂಕದ ಬೆಲೆಯನ್ನಲ್ಲ, ನೋಡ್‌ಗಳ ನಡುವಿನ ಸಂಪರ್ಕವನ್ನು. ಪೇರೆಂಟ್ ಕನ್‌ಸ್ಟ್ರೇಂಟ್‌ನ ಒಂದು ಟಾರ್ಗೆಟ್‌ನ ತೂಕ ಸೊನ್ನೆಯಾದರೂ ತಂತಿ ಅಲ್ಲೇ ಇದೆ. ಕೈ ಲೆಕ್ಕ ಹಾಕಲು ರೈಫಲ್ ಬೇಕು, ರೈಫಲ್ ಲೆಕ್ಕ ಹಾಕಲು ಕೈ ಬೇಕು ಎಂದೇ ಅದು ಓದಿಕೊಳ್ಳುತ್ತದೆ.

ಇದರ ಲಕ್ಷಣ ಗುರುತಿಸುವುದು ಸುಲಭ. ಟೈಮ್‌ಲೈನ್ ಅನ್ನು 1ರಿಂದ 40ನೇ ಫ್ರೇಮಿಗೆ ಎಳೆದು ತಂದು ಮಣಿಕಟ್ಟಿನ ಜಾಯಿಂಟ್ ಜಗತ್ತಿನಲ್ಲಿ ಎಲ್ಲಿದೆ ಎಂದು ಬರೆದುಕೊಳ್ಳಿ. ಆಮೇಲೆ 80ರಿಂದ ಹಿಂದಕ್ಕೆ 40ಕ್ಕೆ ಬನ್ನಿ. ಎರಡು ಸಲವೂ ಒಂದೇ ಅಂಕಿ ಬರಬೇಕು. ಸೈಕಲ್ ಇದ್ದರೆ ಬೇರೆ ಬರಬಹುದು, ಅಥವಾ ಕೈ ರೈಫಲ್‌ಗಿಂತ ಒಂದು ಫ್ರೇಮ್ ಹಿಂದೆ ಬಿದ್ದಂತೆ ಕಾಣಬಹುದು. `cycleCheck -e off` ಎಂದು ಕೊಟ್ಟರೆ ಎಚ್ಚರಿಕೆ ಮಾತ್ರ ಮಾಯವಾಗುತ್ತದೆ, ಸೈಕಲ್ ಹಾಗೇ ಇರುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅನಿಮೇಟರ್ ನೋಡಿದ ಪೋಸ್ ಒಂದು, ಪ್ರತಿ ಫ್ರೇಮಿಗೂ ಕೀ ಆಗಿ, ಅಂದರೆ ಬೇಕ್ ಆಗಿ ಬಂದ ಪೋಸ್ ಇನ್ನೊಂದು ಎನ್ನುವ ಜಗಳ ಹುಟ್ಟುವುದೇ ಅಲ್ಲಿಂದ.

ಪರಿಹಾರ ರೈಫಲ್ ಅನ್ನು ಎರಡು ಕಂಟ್ರೋಲ್‌ಗಳಾಗಿ ಒಡೆಯುವುದು. ಮೇಲೆ `weapon_MASTER` ಇರಲಿ. ಇದು ಯಾವ ಕೈಯನ್ನೂ ಕೇಳುವುದಿಲ್ಲ, ಎದೆ, ಸೊಂಟ, ಜಗತ್ತು ಈ ಮೂರರಲ್ಲಿ ಒಂದನ್ನು ಮಾತ್ರ ಹಿಂಬಾಲಿಸುತ್ತದೆ. ಅದರ ಕೆಳಗೆ ಬಲಗೈ: ಅದು ಮಾಸ್ಟರ್, ಎದೆ, ಸೊಂಟ, ಜಗತ್ತು ಇವುಗಳಲ್ಲಿ ಯಾವುದನ್ನಾದರೂ ಹಿಂಬಾಲಿಸಲಿ. ಆಮೇಲೆ ಎಡಗೈ: ಅದಕ್ಕೆ ಇವೆಲ್ಲದರ ಜೊತೆಗೆ ಬಲಗೈಯೂ ಒಂದು ಆಯ್ಕೆ. ಎಲ್ಲಕ್ಕಿಂತ ಕೊನೆಗೆ `weapon_PROP`. ಕಣ್ಣಿಗೆ ಕಾಣುವ ರೈಫಲ್ ಮೆಶ್ ಕೂರುವುದು ಇದರ ಮೇಲೆ, ಇದು ಮಾಸ್ಟರ್ ಅನ್ನೋ ಬಲಗೈಯನ್ನೋ ಎಡಗೈಯನ್ನೋ ಹಿಂಬಾಲಿಸುತ್ತದೆ. ತಂತಿಗಳೆಲ್ಲ ಮೇಲಿನಿಂದ ಕೆಳಕ್ಕೇ ಹರಿಯುತ್ತವೆ, ಎಲ್ಲೂ ತಿರುಗಿ ಮೇಲಕ್ಕೆ ಹೋಗುವುದಿಲ್ಲ.

ಹೀಗೆ ಮಾಡಿದರೆ ಎರಡೂ ಬಗೆಯ ಹಿಡಿತ ಸಿಗುತ್ತದೆ. ಎರಡು ಕೈಯಲ್ಲಿ ಹಿಡಿದು ಗುರಿ ಇಡುವಾಗ ಮಾಸ್ಟರ್ ಅನ್ನು ಅನಿಮೇಟ್ ಮಾಡಿ, ಎರಡು ಕೈಯೂ ಅದರ ಹಿಂದೆ ಬರುತ್ತವೆ. ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ಓಡುವಾಗ ಬಲಗೈಯನ್ನು ಅನಿಮೇಟ್ ಮಾಡಿ, ಪ್ರಾಪ್ ಅದರ ಹಿಂದೆ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ರೈಫಲ್, ಈಟಿ, ದೊಡ್ಡ ಕತ್ತಿಯಂಥ ಎರಡು ಕೈಯ ಆಯುಧಗಳಿಗೆ ಮಾಸ್ಟರ್ ವಿಧಾನವೇ ಉತ್ತಮ. ಅಲ್ಲಿ ನೋಡುಗರ ಕಣ್ಣು ಆಯುಧದ ತುದಿಯ ಮೇಲಿರುತ್ತದೆ. ಆ ತುದಿಯ ಹಾದಿ ನೇರವಾಗಿ ನಿಮ್ಮ ಕೈಯಲ್ಲಿರಬೇಕು, ಭುಜ, ಮೊಣಕೈ, ಮಣಿಕಟ್ಟು ದಾಟಿ ಬಂದದ್ದಾಗಿರಬಾರದು.

ಒಂದು ಮಿತಿ ನೆನಪಿಡಿ. ಪ್ರಾಪ್ ಬಲಗೈಯಲ್ಲಿದ್ದು ಎಡಗೈಯೂ ಬಲಗೈಯನ್ನೇ ಹಿಂಬಾಲಿಸುತ್ತಿರುವಾಗ, ಪ್ರಾಪ್ ಕಂಟ್ರೋಲ್ ಅನ್ನೇ ಹಿಡಿದು ತಿರುಗಿಸಿದರೆ ಎಡಗೈಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಪ್ರಾಪ್ ಅದಕ್ಕಿಂತ ಕೆಳಗಿದೆ. ಆ ಹೊತ್ತಿನಲ್ಲಿ ಪ್ರಾಪ್ ಚಾನೆಲ್‌ಗಳು ಸೊನ್ನೆಯಲ್ಲೇ ಇರಲಿ.

ಇನ್ನು ಸ್ಪೇಸ್ ನೋಡ್‌ಗಳು. ಕನ್‌ಸ್ಟ್ರೇಂಟ್ ಅನ್ನು `hand_L_CTL` ಮೇಲೆ ನೇರವಾಗಿ ಹಾಕಬೇಡಿ, ಅದರ ಮೇಲೊಂದು ಖಾಲಿ ಗ್ರೂಪ್ `hand_L_SPACE` ಇಟ್ಟು ಅದರ ಮೇಲೆ ಹಾಕಿ. ಆಗ ಕಂಟ್ರೋಲ್‌ನ ಚಾನೆಲ್‌ಗಳು ಪೂರ್ತಿ ಅನಿಮೇಟರ್‌ಗೆ ಸೇರಿರುತ್ತವೆ. ಪ್ರತಿ ಸ್ಪೇಸ್‌ಗೂ ಒಂದು ಲೊಕೇಟರ್ ಮಾಡಿ ಆಯಾ ಚಾಲಕನ, ಅಂದರೆ ಕೈ ಹಿಂಬಾಲಿಸುವ ನೋಡ್‌ನ ಕೆಳಗೆ ಪೇರೆಂಟ್ ಮಾಡಿ. ಎದೆ, ಸೊಂಟ, ಜಗತ್ತಿನ ಲೊಕೇಟರ್‌ಗಳು ಕೈಯ ವಿಶ್ರಾಂತಿ ಸ್ಥಾನದಲ್ಲಿರಲಿ. ಆದರೆ ಆಯುಧದ, ಅಂದರೆ `weapon_MASTER`ನ ಲೊಕೇಟರ್ ಮಾತ್ರ ಸರಿಯಾಗಿ ಹಿಡಿಯುವ ಜಾಗದಲ್ಲಿ, ಅಂಗೈ ಕೂರುವ ಕೋನದಲ್ಲಿರಲಿ. ಆಗ ಆಯುಧದ ಸ್ಪೇಸ್‌ನಲ್ಲಿ ಕಂಟ್ರೋಲ್ ಸೊನ್ನೆ ಮಾಡಿದರೆ ಕೈ ತಾನಾಗಿ ಹಿಡಿಯ ಮೇಲೆ ಕೂರುತ್ತದೆ. ಅನಿಮೇಟರ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ತೂಕಗಳನ್ನು ಕಂಡಿಷನ್ ನೋಡ್‌ಗಳಿಂದ ನಡೆಸುತ್ತಿದ್ದರೆ ಒಂದು ವಿಷಯ ಗಮನಿಸಿ: ಆ ನೋಡ್‌ನ ಮೂಲ ಬೆಲೆಗಳಲ್ಲಿ `colorIfTrue` 0, `colorIfFalse` 1 ಇರುತ್ತದೆ. ಅದನ್ನು ತಿರುವಿ ಹಾಕದಿದ್ದರೆ ಆರಿಸಿದ ಸ್ಪೇಸ್ ಬಿಟ್ಟು ಮಿಕ್ಕವೆಲ್ಲ ಆನ್ ಆಗಿರುತ್ತವೆ.

ಜಗತ್ತು ಎಂದರೆ ಯಾವ ಜಗತ್ತು ಎಂಬುದನ್ನೂ ಈಗಲೇ ತೀರ್ಮಾನಿಸಿ. ದೃಶ್ಯದ ಮೂಲಬಿಂದುವಿಗೇ ಕಟ್ಟಿದರೆ, ನಾಳೆ ಲೇಔಟ್‌ನವರು ಪಾತ್ರವನ್ನು ಪೂರ್ತಿಯಾಗಿ ಎರಡು ಮೀಟರ್ ಸರಿಸಿದಾಗ ಎಡಗೈ ಮಾತ್ರ ಹಳೆ ಜಾಗದಲ್ಲಿ ಉಳಿಯುತ್ತದೆ. ಲೊಕೇಟರ್ ಅನ್ನು ರಿಗ್ಗಿನ ಎಲ್ಲಕ್ಕಿಂತ ಮೇಲಿನ ಕಂಟ್ರೋಲ್ ಕೆಳಗಿಡಿ. ಆ ಕಂಟ್ರೋಲ್ ಮೇಲೆ ನಡಿಗೆಯನ್ನೇ ಅನಿಮೇಟ್ ಮಾಡುವ ರೂಢಿ ನಿಮ್ಮಲ್ಲಿದ್ದರೆ ಮಾತ್ರ ನಿಜವಾದ ಜಗತ್ತನ್ನು ಇನ್ನೊಂದು ಆಯ್ಕೆಯಾಗಿ ಸೇರಿಸಿ.

ಈಗ ಎಗರುವ ವಿಷಯ. ಒಂದು ಫ್ರೇಮ್ ತೆಗೆದುಕೊಳ್ಳೋಣ. ಎಡಗೈ ಜಗತ್ತಿನಲ್ಲಿ (30, 120, 40)ರಲ್ಲಿದೆ, ಅಳತೆ ಸೆಂಟಿಮೀಟರ್. ಲೆಕ್ಕ ಸರಳವಾಗಲಿ ಎಂದು ಯಾವುದೂ ತಿರುಗಿಲ್ಲ ಎಂದುಕೊಳ್ಳಿ. ಆಯುಧದ ನೋಡ್ (10, 115, 30)ರಲ್ಲಿದ್ದರೆ ಕಂಟ್ರೋಲ್‌ನ ಚಾನೆಲ್‌ನಲ್ಲಿ ಕಾಣುವುದು (20, 5, 10). ಸೊಂಟದ ನೋಡ್ (0, 95, 0)ರಲ್ಲಿದೆ. ಸ್ಪೇಸ್ ಅನ್ನು ಆಯುಧದಿಂದ ಸೊಂಟಕ್ಕೆ ಬದಲಿಸಿದಾಗ ಚಾನೆಲ್‌ನಲ್ಲಿ ಅದೇ (20, 5, 10) ಉಳಿಯುತ್ತದೆ. ಆದರೆ ಈಗ ಅದನ್ನು ಅಳೆಯುವುದು ಸೊಂಟದಿಂದ. ಕೈ (20, 100, 10)ಕ್ಕೆ ಹೋಗುತ್ತದೆ, ಅಂದರೆ ಮೊದಲಿದ್ದ ಜಾಗದಿಂದ ಸುಮಾರು 37 ಸೆಂಟಿಮೀಟರ್ ದೂರ. ನೀವು ನೋಡುತ್ತಿರುವ ಎಗರಾಟ ಇದೇ. ಕೈ ನಿಂತಲ್ಲೇ ನಿಲ್ಲಬೇಕಾದರೆ ಚಾನೆಲ್ (30, 25, 40) ಆಗಬೇಕು. ತಿರುಗುವಿಕೆ ಸೇರಿದಾಗ ಬರೀ ಕಳೆಯುವ ಲೆಕ್ಕ ಸಾಲದು. ಕೈಯ ಜಗತ್ತಿನ ಮ್ಯಾಟ್ರಿಕ್ಸ್ ಅನ್ನು ಹೊಸ ಪೇರೆಂಟ್‌ನ ವಿಲೋಮ ಮ್ಯಾಟ್ರಿಕ್ಸ್‌ನಿಂದ ಗುಣಿಸಬೇಕು. ಆದರೆ ಅದನ್ನು ನೀವು ಕೈಯಾರೆ ಮಾಡಬೇಕಿಲ್ಲ, ಜಗತ್ತಿನ ಸ್ಥಾನ ಕೊಟ್ಟರೆ ಮಾಯಾವೇ ಮಾಡುತ್ತದೆ.

ಸ್ಥಾನ ಹೊಂದಿಸಿದರೂ ಹಲವರಿಗೆ ಒಂದು ಸಣ್ಣ ಎಡವು ಉಳಿಯುತ್ತದೆ, ಯಾಕೆಂದು ತಿಳಿಯುವುದಿಲ್ಲ. ಅದು ವೇಗದ್ದು. ಕೈ ಚಲಿಸುತ್ತಿರುವಾಗಲೇ ಸ್ಪೇಸ್ ಬದಲಾದರೆ, ಹೊಸ ಸ್ಪೇಸ್‌ನಲ್ಲಿ ಮೊದಲ ಕೀಯಿಂದ ಹೊರಡುವ ಕರ್ವ್‌ಗೆ ಹಳೆಯ ವೇಗ ಗೊತ್ತಿರುವುದಿಲ್ಲ. ಸ್ಥಾನ ಸರಿ, ಆದರೆ ಕೈ ಒಂದು ಕ್ಷಣ ತಡವರಿಸಿ ಮತ್ತೆ ಹೊರಡುತ್ತದೆ. ಹಾಗಾಗಿ ಬದಲಾವಣೆಯ ಫ್ರೇಮಿನ ಜೊತೆಗೆ ಅದರ ಮುಂದಿನ ಫ್ರೇಮಿನ ಸ್ಥಾನವನ್ನೂ ಹಳೆ ಸ್ಪೇಸ್‌ನಿಂದ ಓದಿಕೊಂಡು, ಎರಡನ್ನೂ ಹೊಸ ಸ್ಪೇಸ್‌ನಲ್ಲಿ ಕೀ ಮಾಡುವುದು ಒಳ್ಳೆಯದು. ಕೆಳಗಿನ ತುಣುಕು ಅದನ್ನೇ ಮಾಡುತ್ತದೆ:

```python
from maya import cmds

def switch_space(ctl, index):
    now = cmds.currentTime(q=True)
    poses = []
    for f in (now, now + 1):
        cmds.currentTime(f)
        rot = cmds.xform(ctl, q=True, ws=True, ro=True)
        pos = cmds.xform(ctl, q=True, ws=True, t=True)
        poses.append((f, rot, pos))
    cmds.currentTime(now - 1)
    cmds.setKeyframe(ctl)
    cmds.keyTangent(ctl, t=(now - 1, now - 1), ott="step")
    for f, rot, pos in poses:
        cmds.currentTime(f)
        cmds.setAttr(ctl + ".space", index)
        cmds.xform(ctl, ws=True, ro=rot)
        cmds.xform(ctl, ws=True, t=pos)
        cmds.setKeyframe(ctl)
    cmds.currentTime(now)
```

ಇದರಲ್ಲಿ ಹಿಂದಿನ ಫ್ರೇಮಿನ ಎಲ್ಲ ಚಾನೆಲ್‌ಗಳಿಗೂ ಸ್ಟೆಪ್ ಟ್ಯಾಂಜೆಂಟ್ ಹಾಕಿರುವುದನ್ನು ಗಮನಿಸಿ. ಸ್ಪೇಸ್ ಅಟ್ರಿಬ್ಯೂಟ್‌ಗೆ ಮಾತ್ರ ಸ್ಟೆಪ್ ಕೊಟ್ಟು ಉಳಿದದ್ದನ್ನು ಬಿಟ್ಟರೆ ವ್ಯೂಪೋರ್ಟ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ರೆಂಡರ್‌ನಲ್ಲಿ ಮೋಷನ್ ಬ್ಲರ್ ಆನ್ ಮಾಡಿದಾಗ ಆ ಒಂದು ಫ್ರೇಮಿನಲ್ಲಿ ಕೈ ಗೆರೆ ಎಳೆದಂತೆ ಹರಡುತ್ತದೆ. ರೆಂಡರರ್ ಎರಡು ಫ್ರೇಮ್‌ಗಳ ನಡುವೆಯೂ ಇಣುಕುತ್ತದೆ, ಅಲ್ಲಿ ಸ್ಪೇಸ್ ಇನ್ನೂ ಆಯುಧದ್ದು, ಚಾನೆಲ್ ಮಾತ್ರ ಅರ್ಧ ದಾರಿ ಸೊಂಟದ ಅಂಕಿಯತ್ತ ಸಾಗಿರುತ್ತದೆ. ಫ್ರೇಮ್ ರೇಟ್ ಬದಲಿಸಿದಾಗ, ಕೀಗಳನ್ನು ಹಿಗ್ಗಿಸಿದಾಗ ಬರುವ ಎಗರಾಟಕ್ಕೂ ಇದೇ ಕಾರಣ. ಈ ಕೀಗಳನ್ನು ಸರಿಸುವಾಗ ಯಾವಾಗಲೂ ಒಂದು ಗುಂಪಾಗಿಯೇ, ಪೂರ್ಣ ಫ್ರೇಮಿನ ಮೇಲೆ ಬರುವಂತೆ ಸರಿಸಿ.

ಸ್ಪೇಸ್ ಅಟ್ರಿಬ್ಯೂಟ್ ಅನ್ನು 0ಯಿಂದ 1ಕ್ಕೆ ಹತ್ತು ಫ್ರೇಮ್‌ಗಳಲ್ಲಿ ನಿಧಾನವಾಗಿ ಕರಗಿಸಿದರೆ ಆಗದೇ ಎಂದು ಮುಂದೆ ಕೇಳುವಿರಿ. ಆಗುತ್ತದೆ, ನಾನು ಬೇಡ ಎನ್ನುತ್ತೇನೆ. ಆ ಹತ್ತು ಫ್ರೇಮ್‌ಗಳಲ್ಲಿ ಕೈ ಯಾರದ್ದೂ ಅಲ್ಲ. ಓಲಾಡುವ ರೈಫಲ್ ಮತ್ತು ಓಲಾಡುವ ಸೊಂಟದ ನಡುವಿನ ಸರಾಸರಿಯಲ್ಲಿ ಅದು ತೇಲುತ್ತದೆ, ಆ ಹಾದಿಯನ್ನು ಕೀಗಳಿಂದ ತಿದ್ದಲು ಹೋದರೆ ಪ್ರತಿ ಫ್ರೇಮ್‌ನಲ್ಲೂ ಬೇರೆ ಉತ್ತರ ಬರುತ್ತದೆ. ಬದಲಾವಣೆ ಒಂದೇ ಫ್ರೇಮಿನಲ್ಲಿ ಆಗಲಿ, ಚಲನೆಯನ್ನು ನೀವು ಕೀಗಳಿಂದ ಮಾಡಿ.

ಯಾವ ಫ್ರೇಮಿನಲ್ಲಿ ಬದಲಿಸಬೇಕು ಎನ್ನುವುದಕ್ಕೆ ನನ್ನದೊಂದು ನಿಯಮವಿದೆ: ಬಿಡುವಾಗ ಬೆರಳು ಕಳಚುವ ತನಕ ಹಳೆ ಸ್ಪೇಸ್, ಮುಟ್ಟುವಾಗ ಮುಟ್ಟುವುದಕ್ಕೆ ಮೊದಲೇ ಹೊಸ ಸ್ಪೇಸ್. ನಿಮ್ಮ ಶಾಟ್ ಅನ್ನೇ 30 ಎಫ್‌ಪಿಎಸ್‌ನಲ್ಲಿ ನೋಡೋಣ. ಮಾಸ್ಟರ್ ಎದೆಯ ಸ್ಪೇಸ್‌ನಲ್ಲಿದೆ, ಎರಡು ಕೈಯೂ ಮಾಸ್ಟರ್ ಮೇಲಿವೆ. 41ನೇ ಫ್ರೇಮಿನಲ್ಲಿ ಎಡಗೈ ಬೆರಳು ಬಿಚ್ಚಲು ಶುರು ಮಾಡುತ್ತದೆ. ಇಲ್ಲೇ ಸೊಂಟಕ್ಕೆ ಬದಲಿಸಿದರೆ, ಬೆರಳು ಇನ್ನೂ ಸುತ್ತಿಕೊಂಡಿರುವಾಗಲೇ ರೈಫಲ್ ಓಲಾಡಿ ಬೆರಳೊಳಗೆ ತೂರುತ್ತದೆ. ಬೆರಳು ಪೂರ್ತಿ ಬಿಡಿಸಿಕೊಳ್ಳುವುದು 44ಕ್ಕೆ, ಬದಲಾವಣೆ ಅಲ್ಲಿ. ಅಲ್ಲಿಂದ ಸೊಂಟದ ಸ್ಪೇಸ್‌ನಲ್ಲೇ ಕೆಳಗಿಳಿದು 52ಕ್ಕೆ ಚೀಲ ಮುಟ್ಟುತ್ತದೆ. ಚೀಲ ಸೊಂಟಕ್ಕೆ ಅಂಟಿಕೊಂಡಿರುವುದರಿಂದ ಓಟದಲ್ಲಿ ಮೈ ಎಷ್ಟು ಕುಲುಕಿದರೂ ಬೆರಳು ಚೀಲದ ಬಾಯಿ ತಪ್ಪುವುದಿಲ್ಲ. ಎದೆಯ ಸ್ಪೇಸ್ ಇಟ್ಟಿದ್ದರೆ ಬೆನ್ನು ತಿರುಗಿದಾಗಲೆಲ್ಲ ಕೈ ಚೀಲದಿಂದ ಜಾರುತ್ತಿತ್ತು. ಮೈ ಎಂಬ ಒಂದೇ ಆಯ್ಕೆ ಸಾಲದು, ಎದೆ ಮತ್ತು ಸೊಂಟ ಬೇರೆ ಬೇರೆ ಇರಲಿ ಎಂದದ್ದು ಇದಕ್ಕೇ.

ಮ್ಯಾಗಜಿನ್ ಹಿಡಿದ ಕೈ ಮೇಲಕ್ಕೆ ಬರುತ್ತಾ 66ಕ್ಕೆ ರೈಫಲ್ ಮುಟ್ಟಬೇಕು. ಬದಲಾವಣೆಯನ್ನು 60ಕ್ಕೇ ಮಾಡಿ. ಕೊನೆಯ ಆರು ಫ್ರೇಮ್‌ಗಳ ಹಾದಿ ರೈಫಲ್‌ನ ಲೆಕ್ಕದಲ್ಲೇ ಇರುವುದರಿಂದ, ಮ್ಯಾಗಜಿನ್ ಗೂಡಿನೊಳಗೆ ನೇರವಾಗಿ ಏರುತ್ತದೆ. ನಾಳೆ ನಿರ್ದೇಶಕರು ರೈಫಲ್ ಸ್ವಲ್ಪ ಹೆಚ್ಚು ವಾಲಲಿ ಎಂದರೂ ಮುಟ್ಟುವ ಜಾಗ ತಪ್ಪುವುದಿಲ್ಲ. 66ಕ್ಕೇ ಬದಲಿಸಿದರೆ ಮುಟ್ಟಿದ ಚಿತ್ರವೊಂದು ಸರಿ ಬರುತ್ತದೆ, ಅದಕ್ಕೆ ಮುಂಚಿನ ಫ್ರೇಮ್‌ಗಳಲ್ಲಿ ಕೈ ಓಡುವ ಗುರಿಯನ್ನು ಅಟ್ಟಿಸಿಕೊಂಡು ಹೋದಂತೆ ಕಾಣುತ್ತದೆ. ಮ್ಯಾಗಜಿನ್‌ಗೂ ಸ್ವಂತ ಕಂಟ್ರೋಲ್ ಬೇಕು, ಅದು ಪ್ರಾಪ್‌ಗಿಂತಲೂ ಕೆಳಗೆ, ಸರಣಿಯ ಕೊನೆಯಲ್ಲಿ.

80ಕ್ಕೆ ಕೈ ಆಯುಧದ ಸ್ಪೇಸ್‌ನಲ್ಲೇ ರೈಫಲ್‌ನ ಮುಂಭಾಗದ ಹಿಡಿಗೆ ಮರಳುತ್ತದೆ, ಕಂಟ್ರೋಲ್ ಸೊನ್ನೆ. 90ರ ಹೊತ್ತಿಗೆ ಬೆರಳು ಬಿಟ್ಟು, 96ಕ್ಕೆ ಜಗತ್ತಿನ ಸ್ಪೇಸ್, 102ಕ್ಕೆ ಗೋಡೆ. ಓಟದ ರಭಸ ಮೈಯಲ್ಲಿ ಇನ್ನೂ ಇದೆ, ಎದೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ, ಅಂಗೈ ಮಾತ್ರ ಗೋಡೆಯಿಂದ ಕದಲುವುದಿಲ್ಲ. ಈ ನಡುವೆ ರೈಫಲ್ ಬಲಗೈಯಲ್ಲಿ ಕೆಳಗೆ ಜೋತುಬೀಳಬೇಕಲ್ಲ. 92ರಲ್ಲಿ ಮೊದಲು ಬಲಗೈಯನ್ನು ಎದೆಯ ಸ್ಪೇಸ್‌ಗೆ ತಂದು, ಆಮೇಲೆ ಪ್ರಾಪ್ ಅನ್ನು ಬಲಗೈಗೆ ಕಟ್ಟಿ. ಎರಡೂ ಒಂದೇ ಫ್ರೇಮಿನಲ್ಲಿ ಆದರೂ ಈ ಸರದಿಯಲ್ಲೇ, ಅಂದರೆ ಮೇಲಿನದು ಮೊದಲು, ಕೆಳಗಿನದು ನಂತರ. ತಿರುವುಮುರುವು ಮಾಡಿದರೆ ಪ್ರಾಪ್ ಹೊಂದಿಸಿದ ಮೇಲೆ ಅದರ ಚಾಲಕ ಮತ್ತೆ ಬದಲಾದಂತಾಗುತ್ತದೆ. ಅಂದಹಾಗೆ, ಈ ಬದಲಾವಣೆಯಲ್ಲಿ ಪ್ರಾಪ್ ಚಾನೆಲ್‌ಗೆ ಅಂಕಿ ಬಂದರೆ ಬಲಗೈ ಹಿಡಿಯ ಮೇಲೆ ಸರಿಯಾಗಿ ಕೂತಿಲ್ಲ ಎಂದರ್ಥ. ಕೂತಿದ್ದರೆ ಪ್ರಾಪ್ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಸಂಗತಿ ಅನಿಮೇಟರ್‌ಗಳನ್ನು ಕಾಡುತ್ತಲೇ ಇರುತ್ತದೆ. ಹೊಂದಿಸಿದ ಅಂಕಿಗಳು ಆ ಹೊತ್ತಿನ ಚಾಲಕರ ಪೋಸ್‌ಗೆ ಮಾತ್ರ ಸರಿ. 44ರಲ್ಲಿ ಬದಲಿಸಿದ ಮೇಲೆ, ಎದೆಯನ್ನು ಅಲುಗಿಸದೆ ಆ ಫ್ರೇಮಿನ ಸೊಂಟವನ್ನು ಮಾತ್ರ ಮೂರು ಸೆಂಟಿಮೀಟರ್ ಕೆಳಗಿಳಿಸಿದರೆ 43 ಮತ್ತು 44ರ ನಡುವೆ ಅಷ್ಟೇ ಎಗರಾಟ ಮತ್ತೆ ಹುಟ್ಟುತ್ತದೆ. ಆದ್ದರಿಂದ ಮೈ ಮತ್ತು ಆಯುಧದ ಬ್ಲಾಕಿಂಗ್ ಒಪ್ಪಿಗೆಯಾಗುವ ತನಕ ಸ್ಪೇಸ್ ಬದಲಾವಣೆಗಳನ್ನು ಕಡಿಮೆ ಇಡಿ. ಆಮೇಲೂ ಬದಲಾದರೆ 44 ಮತ್ತು 45ರ ಕೀಗಳನ್ನು, ಸ್ಪೇಸ್ ಕೀ ಸೇರಿಸಿ, ಅಳಿಸಿ 44ರಲ್ಲಿ ತುಣುಕನ್ನು ಮತ್ತೆ ಓಡಿಸಿ. 43ರಲ್ಲಿ ಎಲ್ಲ ಚಾನೆಲ್‌ಗಳೂ ಸ್ಟೆಪ್ ಆಗಿರುವುದರಿಂದ ಕೈ ಹಳೆ ಸ್ಪೇಸ್‌ನಲ್ಲೇ ನಿಂತಿರುತ್ತದೆ, ಹೊಸದಾಗಿ ಹೊಂದಿಸಲು ಸರಿಯಾದ ಆಧಾರ ಸಿಗುತ್ತದೆ. ಕೈ ಆಗಲೇ ವೇಗವಾಗಿ ಚಲಿಸುತ್ತಿದ್ದರೆ ಮಾತ್ರ ಒಂದೆರಡು ಫ್ರೇಮ್ ನಿಂತಂತೆ ಕಾಣುತ್ತದೆ, ಅದನ್ನು ಕಣ್ಣಿನ ಅಳತೆಯಲ್ಲೇ ತಿದ್ದಬೇಕು.

ಪರೀಕ್ಷಿಸುವಾಗ ಗ್ರಾಫ್ ಎಡಿಟರ್ ನೋಡಿ ಮೋಸ ಹೋಗಬೇಡಿ. ಸ್ಪೇಸ್ ಬದಲಾದಲ್ಲಿ ಕಂಟ್ರೋಲ್‌ನ ಕರ್ವ್ ಜಿಗಿಯಲೇಬೇಕು, ಜಿಗಿಯದಿದ್ದರೇ ತಪ್ಪು. ಮಣಿಕಟ್ಟಿನ ಜಾಯಿಂಟ್‌ಗೆ ಮೋಷನ್ ಟ್ರೇಲ್ ಹಾಕಿ ನೋಡಿ. 43, 44, 45, 46ರ ಚುಕ್ಕೆಗಳು ಒಂದು ನಯವಾದ ಗೆರೆಯ ಮೇಲೆ, ಕ್ರಮವಾಗಿ ಬದಲಾಗುವ ಅಂತರದಲ್ಲಿರಬೇಕು. ಒಂದು ಚುಕ್ಕೆ ಗೆರೆ ಬಿಟ್ಟು ಹೊರಗಿದ್ದರೆ ಸ್ಥಾನ ಹೊಂದಿಲ್ಲ. ಗೆರೆಯ ಮೇಲೇ ಇದ್ದು ಎರಡು ಚುಕ್ಕೆ ಒತ್ತಾಗಿ ಕೂತಿದ್ದರೆ ವೇಗ ಹೊಂದಿಲ್ಲ. ಜೊತೆಗೆ ಕಂಟ್ರೋಲ್ ಮತ್ತು ಮಣಿಕಟ್ಟಿನ ಜಾಯಿಂಟ್ ನಡುವಿನ ದೂರವನ್ನೂ ಅಳೆಯಿರಿ. ಆಯುಧವನ್ನು ತೋಳಿನ ಉದ್ದ ಮೀರಿ ಮುಂದೆ ಚಾಚಿದರೆ ಕಂಟ್ರೋಲ್ ರೈಫಲ್ ಜೊತೆ ಹೋಗಿರುತ್ತದೆ, ತೋಳು ನೆಟ್ಟಗಾಗಿ ಕೈ ಹಿಂದೆ ಉಳಿದಿರುತ್ತದೆ. ಇದನ್ನು ಸ್ಪೇಸ್‌ನ ದೋಷವೆಂದು ಹುಡುಕುತ್ತಾ ಕೂರುವವರು ಬಹಳ. ಅಲ್ಲಿ ಮಾಸ್ಟರ್ ಅನ್ನು ಮೈ ಹತ್ತಿರ ತರುವುದೋ ಭುಜವನ್ನು ಮುಂದೆ ತಳ್ಳುವುದೋ ಮಾತ್ರ ದಾರಿ.

ಕೆಲಸ ಗೇಮ್ ಎಂಜಿನ್‌ಗೆ ಹೋಗುವುದಾದರೆ ಇನ್ನೊಂದು ಮಾತು. ಎಕ್ಸ್‌ಪೋರ್ಟ್‌ನಲ್ಲಿ ಸ್ಪೇಸ್ ಅಟ್ರಿಬ್ಯೂಟ್ ಹೋಗುವುದಿಲ್ಲ, ಪ್ರತಿ ಫ್ರೇಮಿನಲ್ಲೂ ಜಾಯಿಂಟ್‌ಗಳ ಸ್ಥಾನ ಬೇಕ್ ಆಗಿ ಹೋಗುತ್ತದೆ. ಎಂಜಿನ್‌ನಲ್ಲಿ ಎರಡು ಅನಿಮೇಷನ್ ಬೆರೆಸಿದಾಗ ಎಡಗೈ ಮತ್ತೆ ರೈಫಲ್‌ನಿಂದ ಜಾರುತ್ತದೆ, ಯಾಕೆಂದರೆ ಅಲ್ಲಿ ಎಡಗೈ ಭುಜದ ಮಗು, ರೈಫಲ್‌ನದ್ದಲ್ಲ. ಅನ್‌ರಿಯಲ್‌ನ ಮ್ಯಾನಿಕ್ವಿನ್ ಅಸ್ಥಿಪಂಜರದಲ್ಲಿ `ik_hand_gun` ಎಂಬ ಮೂಳೆಯೂ ಅದರ ಕೆಳಗೆ `ik_hand_l`, `ik_hand_r` ಎಂಬ ಎರಡು ಮೂಳೆಗಳೂ ಇರುವುದು ಈ ಕಾರಣಕ್ಕೆ. `ik_hand_gun` ಬಲಗೈಯ ಜಾಗದಲ್ಲಿರುತ್ತದೆ, ಎಡಗೈ ಅದರಿಂದ ಎಲ್ಲಿದೆ ಎಂಬ ಸಂಬಂಧ `ik_hand_l`ನಲ್ಲಿ ಉಳಿಯುತ್ತದೆ. ಎಂಜಿನ್ ಆಟ ನಡೆಯುವಾಗ ಅದನ್ನು ಓದಿ ಎಡಗೈಯನ್ನು ಐಕೆಯಿಂದ ಮತ್ತೆ ಹಿಡಿಯ ಮೇಲೆ ಕೂರಿಸಬಹುದು. ನಿಮ್ಮ ರಿಗ್ಗಿನಿಂದ ಬೇಕ್ ಮಾಡುವಾಗ ಈ ಮೂರು ಮೂಳೆಗಳನ್ನೂ ಕೈಗಳ ಜಾಯಿಂಟ್‌ಗೆ ಕಟ್ಟಿ, ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಸೇರಿಸಿ. 44ರಿಂದ 66ರವರೆಗೆ, ಮತ್ತೆ 90ರ ನಂತರ ಎಡಗೈ ರೈಫಲ್ ಮೇಲಿಲ್ಲವಲ್ಲ, ಆ ಅವಧಿಗಳಲ್ಲಿ ಎಂಜಿನ್‌ನ ಐಕೆ ಆಫ್ ಆಗಿರಬೇಕು. ಅದಕ್ಕೊಂದು ಅನಿಮೇಷನ್ ಕರ್ವ್ ಮಾಡಿ, ಹಿಡಿದಿರುವಾಗ 1, ಬಿಟ್ಟಿರುವಾಗ 0 ಎಂದು ಅನಿಮೇಷನ್ ಜೊತೆಗೇ ಕಳುಹಿಸಿ.